ಕೊನೇ ದಿನದ ಮೇಲ್: ಯಾರಿಗೆ, ಯಾತಕ್ಕೆ ಥ್ಯಾಂಕ್ಸ್?

ನನ್ನ ತಂಗಿ ಪೀಣ್ಯದ ಒಂದು ಕಾರ್ಖಾನೆಯ ಅಕೌಂಟ್ಸ್ ಸೆಕ್ಷನ್‌ನಲ್ಲಿ 6 ವರ್ಷ ಇದ್ದಳು. ಕೆಲಸ ಬಿಡುವ ಹಿಂದಿನ ರಾತ್ರಿ, ಆಫೀಸಿನವರಿಗೆಲ್ಲ ಕಳಿಸುವ ಮೇಲ್ ಬರೆದು ನನಗೆ ತೋರಿಸಿದಳು.

"ಎಲ್ಲರಿಗೂ ನಮಸ್ಕಾರ. ಇಂದು ಈ ಸಂಸ್ಥೆಯಲ್ಲಿ ನನ್ನ ಕೊನೆಯ ದಿನ. 6 ವರ್ಷಗಳ ಈ ಪಯಣ ಅವಿಸ್ಮರಣೀಯ. ಪ್ರತ್ಯಕ್ಷವಾಗಿ ಹಾಗೂ ಪರೋಕ್ಷವಾಗಿ ಸಹಕರಿಸಿದ ಸರ್ವರಿಗೂ ಹೃತ್ಪೂರ್ವಕ ಧನ್ಯವಾದಗಳು. ತಿಳಿದೋ ತಿಳಿಯದೆಯೋ ಯಾರ ಮನಸ್ಸನ್ನಾದರೂ ನೋಯಿಸಿದ್ದರೆ ಕ್ಷಮೆ ಇರಲಿ. ಸಂಪರ್ಕದಲ್ಲಿರೋಣ."

ತಪ್ಪೇನೂ ಇಲ್ಲ. ಆದರೆ ಓದಿದರೆ ಶಾಮಿಯಾನದವರಿಗೂ ಮೈಕ್‌ನವರಿಗೂ ಒಟ್ಟಿಗೆ ಹೇಳುವ ವಂದನಾರ್ಪಣೆ ನೆನಪಾಗುತ್ತದೆ, ಅಲ್ವಾ? ಇದನ್ನು ಅವಳು ತಿದ್ದಿದ ಬಗೆ ಹೀಗಿತ್ತು.

ಮೊದಲು ಹೊಡೆದು ಹಾಕುವ ಕೆಲಸ. ಪ್ರತಿ ಸಾಲಿಗೂ ಒಂದೇ ಪ್ರಶ್ನೆ: ಪಕ್ಕದ ಸೆಕ್ಷನ್‌ನವರು ಬಿಟ್ಟು ಹೋಗುವಾಗ ಇದೇ ಸಾಲು ಬರೆಯಬಹುದಾ? ಬರೆಯಬಹುದಾದರೆ ಆ ಸಾಲು ಬೇಡ. ತಂಗಿಯ ಮೇಲ್‌ನಲ್ಲಿ ಉಳಿದದ್ದು ನಮಸ್ಕಾರ ಮತ್ತು 6 ವರ್ಷ, ಅಷ್ಟೇ.

ಆಮೇಲೆ ಮೇಲ್ ಮುಚ್ಚಿಟ್ಟು ಒಂದು ಹಾಳೆ ತಗೊಳ್ಳಿ. "ಯಾರಿಗೆ ಥ್ಯಾಂಕ್ಸ್ ಹೇಳಬೇಕು" ಅಂತ ಯೋಚಿಸಿದರೆ ಬರೀ ಹೆಸರುಗಳ ಪಟ್ಟಿ ಬರುತ್ತದೆ. ಅದರ ಬದಲು, "ಯಾರು ಕಲಿಸಿದ್ದನ್ನು ನಾನು ಈಗಲೂ ಮಾಡ್ತೀನಿ? ನಾನು ಬರದೇ ಇದ್ದ ದಿನ ನನ್ನ ಕೆಲಸ ಯಾರು ಮಾಡಿದರು?" ಅಂತ ಕೇಳಿಕೊಳ್ಳಿ. ತಂಗಿಗೆ ಥಟ್ಟನೆ ನೆನಪಾದದ್ದು ಅವಳ ಮೊದಲ ಮಾರ್ಚ್. ಬ್ಯಾಂಕ್ ಸ್ಟೇಟ್‌ಮೆಂಟಿಗೂ ಇವರ ಲೆಕ್ಕಕ್ಕೂ 270 ರೂಪಾಯಿ ವ್ಯತ್ಯಾಸ. ರಾತ್ರಿ ಎಂಟಾದರೂ ಟ್ಯಾಲಿ ಆಗಲಿಲ್ಲ. ಹಿರಿಯ ಅಕೌಂಟೆಂಟ್ ಒಬ್ಬರು ಬಂದು, "ವ್ಯತ್ಯಾಸ 9ರಿಂದ ಭಾಗ ಆಗುತ್ತಾ ನೋಡು. ಭಾಗ ಆದರೆ ಎಲ್ಲೋ ಅಂಕಿ ತಿರುಗಾಮುರುಗಾ ಬರೆದಿರ್ತೀಯ" ಅಂದರಂತೆ. ಹತ್ತೇ ನಿಮಿಷಕ್ಕೆ ಸಿಕ್ಕಿತು. ಅವಳು ಇವತ್ತಿಗೂ ಲೆಕ್ಕ ತಪ್ಪಿದರೆ ಮೊದಲು 9ರಿಂದಲೇ ಭಾಗಿಸುತ್ತಾಳೆ. ಯಾರು, ಏನು ಮಾಡಿದರು, ಅದರಿಂದ ನನಗೇನಾಯಿತು: ಈ ಮೂರೂ ಇದ್ದರೆ "ಹೃತ್ಪೂರ್ವಕ" ಅನ್ನುವ ಪದವೇ ಬೇಕಾಗಿಲ್ಲ.

ಹಾಳೆಯಲ್ಲಿ ಬಂದದ್ದೆಲ್ಲ ಮೇಲ್‌ಗೆ ಹೋಗಬಾರದು. ಜಾಸ್ತಿ ಜನ ಎಡವುವುದು ಇಲ್ಲೇ. ನಲವತ್ತು ಜನ ಓದುವ ಮೇಲ್‌ನಲ್ಲಿ ನಾಲ್ಕು ಹೆಸರು ಹಾಕಿದರೆ ಐದನೆಯವರಿಗೆ ಚುರುಕ್ ಅನ್ನುತ್ತದೆ. ಇನ್ನು ಕೆಲವು ಉಪಕಾರ ಬಯಲಿಗೆ ತರುವಂಥದ್ದಲ್ಲ. ಅಮ್ಮನ ಆಪರೇಷನ್ ಸಮಯದಲ್ಲಿ ಪಕ್ಕದ ಸೀಟಿನ ಗೆಳತಿ ಮೂರು ದಿನ ಇವಳ ಬಿಲ್ಲುಗಳನ್ನೆಲ್ಲ ಸುಮ್ನೆ ಮಾಡಿಕೊಟ್ಟಿದ್ದಳು, ಮ್ಯಾನೇಜರಿಗೆ ಗೊತ್ತಿಲ್ಲದೆ. ಅದನ್ನು ಎಲ್ಲರ ಮುಂದೆ ಹೇಳಿದರೆ ಸಿಕ್ಕಿಬೀಳುವವಳು ಅವಳೇ. ಅವಳಿಗೆ ಬೇರೆ ಮೆಸೇಜ್. ಹಾಗೆ ನಾಲ್ಕೈದು ಜನಕ್ಕೆ ಬೇರೆ ಬೇರೆ ಬರೆದು, ಎಲ್ಲರಿಗೂ ಹೋಗುವ ಮೇಲ್‌ನಲ್ಲಿ ಎಲ್ಲರಿಗೂ ಗೊತ್ತಿರುವ ಒಂದೆರಡು ಸಂಗತಿ ಇಟ್ಟರೆ ಸಾಕು. ಕ್ಯಾಂಟೀನ್ ಅಕ್ಕನಿಗೆ, ಗೇಟ್‌ನ ಸೆಕ್ಯುರಿಟಿ ಅಣ್ಣನಿಗೆ ಮೇಲ್ ತಲುಪುವುದೇ ಇಲ್ಲ. ಅವರ ಹತ್ತಿರ ಹೋಗಿ ಬಾಯಲ್ಲೇ ಹೇಳಬೇಕು.

ಕ್ಷಮೆಯ ಸಾಲು ಬೇಡ. ನಿಜವಾಗಿ ಯಾರಿಗಾದರೂ ನೋವು ಮಾಡಿದ್ದರೆ ಅವರೊಬ್ಬರಿಗೇ ಹೇಳಿ. "ಸಂಪರ್ಕದಲ್ಲಿರೋಣ" ಅನ್ನುವ ಕಡೆ ಸ್ವಂತ ನಂಬರ್ ಹಾಕಿ, ಆಫೀಸ್ ಮೇಲ್ ಐಡಿ ಸಂಜೆಗೇ ಬಂದ್ ಆಗಬಹುದು. ಅದಕ್ಕೇ ಕಳಿಸುವುದೂ ಊಟದ ನಂತರ, ಮೂರು ಗಂಟೆ ಹೊತ್ತಿಗೆ. ಆರಕ್ಕೆ ಕಳಿಸಿದರೆ ಬಂದ ಉತ್ತರ ಓದಲೂ ಆಗದೆ ಹೋಗಬಹುದು.

ಕೊನೆಗೆ ತಂಗಿ ಕಳಿಸಿದ್ದು ಇದು (ಹೆಸರು, ನಂಬರ್ ನಾನು ಬಿಟ್ಟಿದ್ದೇನೆ):

"ಎಲ್ಲರಿಗೂ ನಮಸ್ಕಾರ. 6 ವರ್ಷದ ಹಿಂದೆ ಬಂದಾಗ ನನಗೆ ಚೆಕ್ ಬರೆಯಲೂ ಭಯ. ಮೊದಲ ಮಾರ್ಚ್‌ನಲ್ಲಿ 270 ರೂಪಾಯಿ ಹುಡುಕುತ್ತಾ ಕೂತಿದ್ದೆ, ಸರ್ ಬಂದು 9ರಿಂದ ಭಾಗಿಸುವುದನ್ನು ಕಲಿಸಿದರು. ಅವತ್ತು ನನ್ನ ಲೆಕ್ಕ ಸಿಗುವವರೆಗೂ ಸೆಕ್ಷನ್‌ನಲ್ಲಿ ಯಾರೂ ಮನೆಗೆ ಹೋಗಲಿಲ್ಲ. ಅದನ್ನು ನಾನು ಮರೆತಿಲ್ಲ. ಹಳೇ ವೋಚರ್ ಎಲ್ಲಿದೆ ಅಂತ ಕೇಳಬೇಕಾದರೆ ಈ ನಂಬರಿಗೆ ಫೋನ್ ಮಾಡಿ, ಬೇಜಾರಿಲ್ಲ."

ನಾಲ್ಕು ಗಂಟೆಗೆ ಹಿರಿಯರ ಉತ್ತರ ಬಂತು: "270 ಅಲ್ಲ ಕಣಮ್ಮ, 720. ಮತ್ತೆ ಅಂಕಿ ತಿರುಗಿಸಿದ್ದೀಯ."