ನಾಲ್ಕನೇ ಘಾತದ ಸಮೀಕರಣವನ್ನು ನಾನು ಎರಡು ವರ್ಗ ಸಮೀಕರಣಗಳಾಗಿ ಒಡೆಯುವ ರೀತಿ

ನಾಲ್ಕನೇ ಘಾತದ ಸಮೀಕರಣ ಕೈಯಲ್ಲೇ ಬಿಡಿಸಬೇಕಾದಾಗ ನಾನು ಹಿಡಿಯುವುದು ಡೆಕಾರ್ಟ್ 1637ರಲ್ಲಿ ಕೊಟ್ಟ ದಾರಿ. ಫೆರಾರಿಯ ವಿಧಾನವೂ ಕೊನೆಗೆ ತಲುಪುವುದು ಅಲ್ಲಿಗೇ. ಆದರೆ ಇದರಲ್ಲಿ ಏನು ಹುಡುಕುತ್ತಿದ್ದೇವೆ ಅನ್ನೋದು ಪ್ರತಿ ಹೆಜ್ಜೆಯಲ್ಲೂ ಕಣ್ಣಿಗೆ ಕಾಣುತ್ತದೆ, ಅದಕ್ಕೇ ನನಗಿದು ಜಾಸ್ತಿ ಇಷ್ಟ.

ಈ ಲೆಕ್ಕ ನೋಡಿ:

t⁴ + 4t³ + 8t² + 12t + 9 = 0

ಭಾಗಲಬ್ಧ ಮೂಲ ಇದ್ದರೆ ಅದು ±1, ±3, ±9ರಲ್ಲೇ ಒಂದಾಗಿರಬೇಕು. ಹಾಕಿ ನೋಡಿದರೆ ಯಾವುದೂ ಹೊಂದುವುದಿಲ್ಲ. ಮೊದಲು ಘನ ಪದವನ್ನು ತೆಗೆಯುತ್ತೇನೆ: ಅದರ ಸಹಗುಣಕ 4, ಹಾಗಾಗಿ t = x − 1. ಆಗ ಸಿಗುವುದು

x⁴ + 2x² + 4x + 2 = 0

ಐಸೆನ್‌ಸ್ಟೈನ್ ನಿಯಮವನ್ನು 2 ಇಟ್ಟುಕೊಂಡು ಹಚ್ಚಿದರೆ, ಭಾಗಲಬ್ಧ ಸಹಗುಣಕಗಳಲ್ಲಿ ಇದು ಒಡೆಯುವುದೇ ಇಲ್ಲ ಅಂತ ತಕ್ಷಣ ಗೊತ್ತಾಗುತ್ತದೆ. ಅಂದರೆ ಊಹೆ ಮಾಡಿ ಅಪವರ್ತನ ಹುಡುಕುತ್ತಾ ಕೂತರೆ ಸುಮ್ನೆ ಸಮಯ ಹಾಳು.

x³ ಪದ ಇಲ್ಲದಿರುವುದರಿಂದ ಎರಡು ವರ್ಗಗಳಲ್ಲಿ x‌ನ ಸಹಗುಣಕಗಳು ಒಂದಕ್ಕೊಂದು ಋಣವಾಗಿರಲೇಬೇಕು:

x⁴ + px² + qx + r = (x² + ax + b)(x² − ax + c)

ಗುಣಿಸಿ ಹೋಲಿಸಿದರೆ b + c = p + a², c − b = q/a, bc = r. ಮೊತ್ತವೂ ವ್ಯತ್ಯಾಸವೂ ಗೊತ್ತಾದ ಮೇಲೆ ಗುಣಲಬ್ಧ ಬಂದ ಹಾಗೇ ಅಲ್ವಾ? (b + c)² − (c − b)² = 4bc. ಇದರಲ್ಲಿ u = a² ಅಂತಿಟ್ಟು ಚೊಕ್ಕ ಮಾಡಿದರೆ ಸಹಾಯಕ ಘನ ಸಮೀಕರಣ ಸಿಗುತ್ತದೆ:

u³ + 2pu² + (p² − 4r)u − q² = 0

ನಾಲ್ಕನೇ ಘಾತದಿಂದ ಮೂರನೇ ಘಾತಕ್ಕೆ ಇಳಿಯುವುದು ಹೇಗೆ? ನಾಲ್ಕು ಮೂಲಗಳನ್ನು ಎರಡೆರಡರ ಜೋಡಿ ಮಾಡಲು ಇರುವುದು ಮೂರೇ ದಾರಿ. ಎಲ್ಲ ಮೂಲಗಳ ಮೊತ್ತ ಸೊನ್ನೆ, ಆದ್ದರಿಂದ ಒಂದು ಜೋಡಿಯ ಮೊತ್ತ a ಆದರೆ ಇನ್ನೊಂದರದು −a. ವರ್ಗ ಮಾಡಿದಾಗ ಎರಡೂ ಒಂದೇ u ಆಗುತ್ತವೆ. ಮೂರು ಜೋಡಣೆ, ಮೂರು u. ಇಷ್ಟು ಮನಸ್ಸಿಗೆ ಇಳಿದರೆ ಸೂತ್ರ ಬಾಯಿಪಾಠ ಮಾಡಬೇಕಿಲ್ಲ, ಬೇಕಾದಾಗ ಅಲ್ಲೇ ಕಟ್ಟಿಕೊಳ್ಳಬಹುದು.

ನಮ್ಮ ಲೆಕ್ಕದಲ್ಲಿ p = 2, q = 4, r = 2. ಘನ ಸಮೀಕರಣ u³ + 4u² − 4u − 16 = 0, ಅಂದರೆ (u + 4)(u² − 4) = 0. ಮೂಲಗಳು 2, −2, −4. ಮೂರರಲ್ಲಿ ಯಾವುದನ್ನು ತೆಗೆದುಕೊಂಡರೂ ಕೊನೆಗೆ ಸಿಗುವುದು ಅದೇ ನಾಲ್ಕು ಮೂಲಗಳು, ಆದರೆ −2 ಅಥವಾ −4 ಹಿಡಿದರೆ ವರ್ಗಗಳ ಸಹಗುಣಕಗಳಲ್ಲೇ i ಬಂದು ಕೂರುತ್ತದೆ. ನಾನು ಯಾವಾಗಲೂ ಧನ ಮೂಲವನ್ನೇ ಆರಿಸುತ್ತೇನೆ. p, q, r ವಾಸ್ತವವಾಗಿದ್ದು q ಸೊನ್ನೆಯಲ್ಲದಿದ್ದರೆ ಅದು ಇದ್ದೇ ಇರುತ್ತದೆ: u = 0 ಹಾಕಿದರೆ ಬೆಲೆ −q², ಋಣ; u ದೊಡ್ಡದಾದಂತೆ ಬೆಲೆ ಧನವಾಗುತ್ತದೆ; ನಡುವೆ ಎಲ್ಲೋ ಸೊನ್ನೆ ದಾಟಲೇಬೇಕು.

u = 2, a = √2. ಆಗ b + c = 4, c − b = 4/√2 = 2√2. ಹಾಗಾಗಿ b = 2 − √2, c = 2 + √2. ಇಲ್ಲಿ ನಿಂತು bc ನೋಡುತ್ತೇನೆ: 4 − 2 = 2, ಅದೇ r. b, c ಕಂಡುಹಿಡಿಯುವಾಗ ಮೊತ್ತ, ವ್ಯತ್ಯಾಸ ಮಾತ್ರ ಬಳಸಿದ್ದೇವೆ, ಆದ್ದರಿಂದ ಘನ ಸಮೀಕರಣದಲ್ಲಿ 4r ಬದಲು r ಬರೆದಿದ್ದರೆ ಅಥವಾ q²ನ ಚಿಹ್ನೆ ತಿರುಗಿದ್ದರೆ ಈ ಗುಣಲಬ್ಧವೇ ಹೇಳಿಬಿಡುತ್ತದೆ. ಆದರೆ ಒಂದು ತಪ್ಪನ್ನು ಇದು ಹಿಡಿಯುವುದಿಲ್ಲ. b, c ಅದಲುಬದಲಾದರೂ bc ಅಷ್ಟೇ ಇರುತ್ತದಲ್ಲ! ಅದಕ್ಕೆ a(c − b) = q ಆಗುತ್ತಾ ಅಂತಲೂ ನೋಡಬೇಕು.

ಈಗ ಎರಡು ವರ್ಗಗಳು:

x² + √2x + 2 − √2 = 0
x² − √2x + 2 + √2 = 0

ಮೊದಲನೆಯದರ ಶೋಧಕ −(6 − 4√2). ಇಲ್ಲಿ ವರ್ಗಮೂಲದೊಳಗೆ ವರ್ಗಮೂಲ ಹಾಗೇ ಬಿಟ್ಟು ಮುಂದೆ ಹೋಗಬೇಡಿ: 6 − 4√2 = (2 − √2)². ಎರಡನೆಯದರಲ್ಲಿ ಅದೇ ರೀತಿ (2 + √2)². ಆದ್ದರಿಂದ

x = −1/√2 ± i(1 − 1/√2)
x = 1/√2 ± i(1 + 1/√2)

ಎಲ್ಲದರಿಂದಲೂ 1 ಕಳೆದರೆ t ಸಿಗುತ್ತದೆ. ವರ್ಗಗಳಲ್ಲೇ x = t + 1 ಹಾಕಿದರೆ t² + (2 ± √2)t + 3 ಬರುತ್ತದೆ, ಅಂದರೆ ಮೂಲ ಸಮೀಕರಣ (t² + 2t + 3)² − 2t² ಆಗಿತ್ತು! ಮೊದಲೇ ಹೊಳೆದರೆ ಒಂದೇ ಸಾಲಿನ ಲೆಕ್ಕ, ಹೊಳೆಯದಿದ್ದರೂ ಘನ ಸಮೀಕರಣ ಅದನ್ನು ಹುಡುಕಿಕೊಡುತ್ತದೆ.

q = 0 ಆದರೆ ಈ ದಾರಿ ಬೇಡ, x²ನಲ್ಲಿ ವರ್ಗ ಸಮೀಕರಣ ಅಂತಲೇ ಬಿಡಿಸಿ. ದಶಮಾಂಶಗಳಲ್ಲಿ ಲೆಕ್ಕ ಮಾಡುವಾಗ ಒಂದಕ್ಕಿಂತ ಹೆಚ್ಚು ಧನ u ಸಿಕ್ಕರೆ ದೊಡ್ಡದನ್ನು ತೆಗೆದುಕೊಳ್ಳಿ, ಏಕೆಂದರೆ a ತೀರಾ ಚಿಕ್ಕದಾದರೆ q/aಯಲ್ಲಿ ಸಣ್ಣ ದೋಷವೂ ಹಿಗ್ಗಿಬಿಡುತ್ತದೆ.