100! ಎಷ್ಟು ದೊಡ್ಡದು? ಕಾಗದದ ಮೇಲೆ ಅಳೆಯುವ ಬಗೆ

ಕ್ಯಾಲ್ಕುಲೇಟರ್‌ನಲ್ಲಿ 69! ಒತ್ತಿದರೆ ಉತ್ತರ ಬರುತ್ತದೆ. 70! ಒತ್ತಿದರೆ ಹೆಚ್ಚಿನವು ಕೈಚೆಲ್ಲುತ್ತವೆ, ಏಕೆಂದರೆ ಅದು 10¹⁰⁰ ದಾಟುವ ಸಂಖ್ಯೆ. ಹಾಗಾಗಿ ಆ ಗುಂಡಿಯನ್ನು ಮರೆತುಬಿಡಿ. ಚೌಕುಳಿ ಹಾಳೆ ತೆಗೆದುಕೊಳ್ಳಿ.

ಮೊದಲ ಹೆಜ್ಜೆ ಸುಲಭ. ಲಾಗ್ ತೆಗೆದರೆ ಗುಣಾಕಾರ ಸಂಕಲನವಾಗುತ್ತದೆ: ln 100! = ln 2 + ln 3 + … + ln 100.

ಎರಡನೆಯ ಹೆಜ್ಜೆಯಲ್ಲೇ ಎಲ್ಲರೂ ಎಡವುವುದು. ‘ಮೊತ್ತದ ಬದಲು ಅನುಕಲನ ಹಾಕು’ ಎಂದು ಬಾಯಿಪಾಠ ಮಾಡಿರುತ್ತಾರೆ. ಬಂದ ಉತ್ತರ ಹೆಚ್ಚೋ ಕಡಿಮೆಯೋ ಎಂದು ಕೇಳಿದರೆ ಮುಖ ನೋಡುತ್ತಾರೆ. ಚಿತ್ರ ಬರೆಯದೆ ಮುಂದೆ ಹೋಗಲೇಬೇಡಿ. ln x ವಕ್ರರೇಖೆ ಎಳೆಯಿರಿ. 1ರಿಂದ 2ರವರೆಗೆ ln 2 ಎತ್ತರದ ಕಂಬ, 2ರಿಂದ 3ರವರೆಗೆ ln 3 ಎತ್ತರದ ಕಂಬ, ಹೀಗೆ 100ರವರೆಗೆ ನಿಲ್ಲಿಸಿ. ಪ್ರತಿ ಕಂಬದ ಅಗಲ 1, ಆದ್ದರಿಂದ ಕಂಬಗಳ ಒಟ್ಟು ವಿಸ್ತೀರ್ಣವೇ ನಮ್ಮ ಮೊತ್ತ. ಕಂಬಗಳ ಎಡಮೂಲೆಗಳು ರೇಖೆಗಿಂತ ಮೇಲೆ ಚಾಚಿರುತ್ತವೆ. ಹಾಗಾಗಿ ರೇಖೆಯ ಕೆಳಗಿನ ವಿಸ್ತೀರ್ಣ ಮೊತ್ತಕ್ಕಿಂತ ಕಡಿಮೆ. ಆ ವಿಸ್ತೀರ್ಣ n ln n − n + 1, ಅಂದರೆ 460.517 − 99 = 361.517. ಕೊನೆಯ +1 ಬಿಡುವವರೇ ಹೆಚ್ಚು. ಅನುಕಲನದ ಕೆಳಮಿತಿ 1 ಎಂಬುದನ್ನು ಮರೆತದ್ದರ ಫಲ ಅದು.

ಚಾಚಿದ ಆ ತುಣುಕುಗಳನ್ನೆಲ್ಲ ಬಲಕ್ಕೆ ಸರಿಸಿ ಕೊನೆಯ ಕಂಬದೊಳಗೆ ಒಂದರ ಮೇಲೊಂದು ಜೋಡಿಸಿ ನೋಡಿ. ಅವು ln 100 ಎತ್ತರದೊಳಗೇ ಹಿಡಿಯುತ್ತವೆ, ಸರಿಸುಮಾರು ಅರ್ಧ ಭಾಗವನ್ನು ತುಂಬುತ್ತವೆ. ಆದ್ದರಿಂದ ½ ln 100, ಅಂದರೆ 2.303 ಕೂಡಿಸಿ: 363.820. 2.302585ರಿಂದ ಭಾಗಿಸಿದರೆ ಹತ್ತರ ಆಧಾರದ ಲಾಗ್ 158.005.

ಇಲ್ಲೊಂದು ಗುಂಡಿಯಿದೆ. 158.005 ಎಂದರೆ 159 ಅಂಕಿಗಳ ಸಂಖ್ಯೆ ಎಂದಾಗುತ್ತದೆ, ನಿಜಕ್ಕೂ 100!ರಲ್ಲಿ ಇರುವುದು 158 ಅಂಕಿ. ರೇಖೆ ಮೇಲಕ್ಕೆ ಉಬ್ಬಿರುವುದರಿಂದ ತುಣುಕುಗಳು ಅರ್ಧಕ್ಕಿಂತ ತುಸು ಕಡಿಮೆ ತುಂಬುತ್ತವೆ. ಸ್ಟರ್ಲಿಂಗ್ ಸೂತ್ರ +1ರ ಜಾಗದಲ್ಲಿ ½ ln 2π, ಅಂದರೆ 0.919 ಇಟ್ಟು ಈ ಕೊರತೆಯನ್ನು ಸರಿಪಡಿಸುತ್ತದೆ. ಆಗ 157.97 ಬರುತ್ತದೆ, 100! ಸುಮಾರು 9.33 × 10¹⁵⁷. ಸೂತ್ರವನ್ನು ಮೊದಲೇ ಉರು ಹೊಡೆದವರಿಗೆ ಈ 0.919 ಎಲ್ಲಿಯ ಕೊರತೆ ತುಂಬುತ್ತಿದೆ ಎಂಬುದು ಕಾಣುವುದೇ ಇಲ್ಲ.

ಇನ್ನು nⁿ ಜೊತೆ ಹೋಲಿಕೆ. 100¹⁰⁰ ಎಂದರೆ 10²⁰⁰, ನಮ್ಮ 100! ಅದಕ್ಕಿಂತ ಸುಮಾರು 10⁴² ಪಟ್ಟು ಚಿಕ್ಕದು. ಪ್ರತಿ n ಪಾಲಿಗೂ ಈ ಅನುಪಾತ ಸುಮಾರು √(2πn) / eⁿ. ‘ln n! ಮತ್ತು n ln n ಹೆಚ್ಚುಕಡಿಮೆ ಒಂದೇ, ಆದ್ದರಿಂದ n! ಮತ್ತು nⁿ ಕೂಡ ಒಂದೇ’ ಎಂದು ಬರೆದ ಉತ್ತರಪತ್ರಿಕೆಗಳನ್ನು ಸಾಕಷ್ಟು ನೋಡಿದ್ದೇನೆ. ಮೊದಲ ಮಾತು ಸರಿ: n ಹತ್ತು ಲಕ್ಷವಾದಾಗ ಲಾಗ್‌ಗಳ ಅನುಪಾತ 0.93ರಷ್ಟಾಗುತ್ತದೆ, n ಬೆಳೆದಂತೆ 1ರ ಕಡೆಗೆ ಸಾಗುತ್ತದೆ. ಆದರೆ ಅದೇ ಹತ್ತು ಲಕ್ಷದಲ್ಲಿ nⁿಗೆ 60,00,001 ಅಂಕಿಗಳಿದ್ದರೆ n!ಗೆ 55,65,709 ಮಾತ್ರ.