ಯಂತ್ರದ ಓಟವನ್ನು ಸೂತ್ರವಾಗಿ ಬರೆಯುವುದು ಹೇಗೆ?

ಸುಡೊಕು ಬಿಡಿಸಲು ಒಂದು ಗಂಟೆ ಹಿಡಿಯಬಹುದು. ಬಿಡಿಸಿದ ಸುಡೊಕು ಸರಿಯಿದೆಯೇ ಎಂದು ನೋಡಲು ಎರಡು ನಿಮಿಷ ಸಾಕು. ಹೀಗೆ ಉತ್ತರವನ್ನು ಕೈಗೆ ಕೊಟ್ಟರೆ ಬೇಗ ಪರೀಕ್ಷಿಸಬಹುದಾದ ಸಮಸ್ಯೆಗಳನ್ನೆಲ್ಲ ಒಟ್ಟಾಗಿ ಎನ್‌ಪಿ ಎನ್ನುತ್ತಾರೆ. ಟೊರಾಂಟೊ ವಿಶ್ವವಿದ್ಯಾಲಯದ ಸ್ಟೀಫನ್ ಕುಕ್ 1971ರಲ್ಲಿ ತೋರಿಸಿದ್ದು ಇಷ್ಟು: ಅವುಗಳಲ್ಲಿ ಯಾವುದನ್ನೇ ಆಗಲಿ, ನಿಜ–ಸುಳ್ಳುಗಳ ಒಂದು ಬೂಲಿಯನ್ ಸೂತ್ರವಾಗಿ ಬದಲಿಸಬಹುದು. ಸೂತ್ರವನ್ನು ನಿಜವಾಗಿಸುವ ಬೆಲೆಗಳು ಸಿಕ್ಕರೆ ಮೂಲ ಸಮಸ್ಯೆಗೂ ಉತ್ತರ ಸಿಕ್ಕಂತೆ. ಸೋವಿಯತ್ ಒಕ್ಕೂಟದಲ್ಲಿದ್ದ ಲಿಯೊನಿಡ್ ಲೆವಿನ್ ಇದೇ ಬಗೆಯ ಫಲಿತಾಂಶವನ್ನು ಸ್ವತಂತ್ರವಾಗಿ ಕಂಡುಕೊಂಡು 1973ರಲ್ಲಿ ಪ್ರಕಟಿಸಿದರು. ಹೀಗೆ ಎನ್‌ಪಿಯ ಬೇರೆಲ್ಲ ಸಮಸ್ಯೆಗಳನ್ನೂ ತನ್ನ ರೂಪಕ್ಕೆ ಬದಲಿಸಿಕೊಳ್ಳಬಲ್ಲ ಎನ್‌ಪಿ ಸಮಸ್ಯೆಯನ್ನು ಎನ್‌ಪಿ-ಕಂಪ್ಲೀಟ್ ಎನ್ನುತ್ತಾರೆ. ಅಂದಹಾಗೆ, ‘ಎನ್‌ಪಿ-ಕಂಪ್ಲೀಟ್’ ಎಂಬ ಮಾತು ಕುಕ್ ಅವರ ಲೇಖನದಲ್ಲಿಲ್ಲ. ಅದು ಬಳಕೆಗೆ ಬಂದದ್ದು ಆಮೇಲೆ.

ಲೋಕದ ಯಾವ ಸಮಸ್ಯೆಯೋ ಏನೋ, ಅದನ್ನು ನೋಡದೆಯೇ ಎಲ್ಲಕ್ಕೂ ಒಂದೇ ಸಲ ಸೂತ್ರ ಬರೆಯುವುದು ಹೇಗೆ ಸಾಧ್ಯ? ಸಮಸ್ಯೆಯನ್ನು ನೋಡಬೇಕಿಲ್ಲ, ಅದರ ಉತ್ತರವನ್ನು ಪರೀಕ್ಷಿಸುವ ಯಂತ್ರವನ್ನು ನೋಡಿದರೆ ಸಾಕು. ಯಂತ್ರ ಓಡಿದ ದಾಖಲೆಯನ್ನು ಚೌಕುಳಿ ಹಾಳೆಯಲ್ಲಿ ಬರೆದು, ‘ಈ ದಾಖಲೆ ಸಾಚಾ’ ಎಂಬ ಮಾತನ್ನು ಸೂತ್ರವಾಗಿಸುವುದೇ ಇಡೀ ಉಪಾಯ. ಪುಟ್ಟ ಯಂತ್ರವೊಂದನ್ನು ಇಟ್ಟುಕೊಂಡು ಕೈಯಾರೆ ಮಾಡಿ ನೋಡೋಣ.

ಮೊದಲು, ಯಂತ್ರ

ನಮ್ಮದು ಟ್ಯೂರಿಂಗ್ ಯಂತ್ರ, ಅಂದರೆ ಕಂಪ್ಯೂಟರಿನ ತೀರ ಸರಳವಾದ ಕಾಲ್ಪನಿಕ ಮಾದರಿ. ಅದಕ್ಕೆ ಒಂದು ಟೇಪು, ಅದರ ಮೇಲೆ ಸರಿಯುವ ಒಂದು ಹೆಡ್ಡು. ಟೇಪಿನ ಒಂದೊಂದು ಮನೆಯಲ್ಲೂ `0`, `1` ಅಥವಾ ಖಾಲಿ ಎಂಬುದಕ್ಕೆ `_` ಇರುತ್ತದೆ. ಯಂತ್ರಕ್ಕೆ ಎರಡೇ ಸ್ಥಿತಿ. `q` ಎಂದರೆ ಹುಡುಕುತ್ತಿದೆ, `A` ಎಂದರೆ ಒಪ್ಪಿತು. `q` ಸ್ಥಿತಿಯಲ್ಲಿ `0` ಕಂಡರೆ ಬಲಕ್ಕೆ ಒಂದು ಮನೆ ಸರಿಯುತ್ತದೆ. `1` ಕಂಡರೆ ನಿಂತಲ್ಲೇ `A` ಆಗುತ್ತದೆ. `_` ಕಂಡರೆ ಸುಮ್ಮನೆ ನಿಂತುಬಿಡುತ್ತದೆ. `A` ಆದ ಮೇಲೆ ಏನೂ ಬದಲಾಗುವುದಿಲ್ಲ.

ಟೇಪಿನ ಮೊದಲ ಮನೆಯಲ್ಲಿ `0` ಇದೆ. ಅದು ನಮಗೆ ಕೊಟ್ಟ ಪ್ರಶ್ನೆ. ಎರಡನೆಯ ಮನೆ ಉತ್ತರಕ್ಕೆ ಮೀಸಲು, ಅಲ್ಲಿ `0` ಅಥವಾ `1` ಇರಬಹುದು, ಯಾವುದೆಂದು ನಮಗೆ ಗೊತ್ತಿಲ್ಲ. ಮೂರನೆಯದು ಖಾಲಿ. ಎರಡು ಹೆಜ್ಜೆಯೊಳಗೆ ಯಂತ್ರ ಒಪ್ಪುವಂಥ ಉತ್ತರ ಇದೆಯೇ ಎಂಬುದು ಪ್ರಶ್ನೆ. `1` ಎಂದು ನಾವು ಬಾಯಲ್ಲೇ ಹೇಳಬಹುದು. ಸೂತ್ರಕ್ಕೆ ಅದು ಗೊತ್ತಾಗುವುದು ಹೇಗೆ ಎಂಬುದಷ್ಟೇ ಈಗ ಕುತೂಹಲ.

ಓಟದ ಹಾಳೆ

ಒಂದೊಂದು ಸಾಲಿನಲ್ಲಿ ಒಂದೊಂದು ಕ್ಷಣದ ಟೇಪನ್ನು ಬರೆಯುತ್ತಾ ಹೋಗಿ. ಹೆಡ್ಡು ಇರುವ ಮನೆಯಲ್ಲಿ ಸ್ಥಿತಿಯನ್ನೂ ಅಕ್ಷರವನ್ನೂ ಅಂಟಿಸಿ ಬರೆಯಿರಿ. ಎರಡೂ ಅಂಚಿಗೆ `#` ಎಂಬ ಗೋಡೆ ಇರಲಿ.

```
ಸಾಲು 0:   #   q0   1    _   #
ಸಾಲು 1:   #   0    q1   _   #
ಸಾಲು 2:   #   0    A1   _   #
```

ಇದು ಉತ್ತರ `1` ಆಗಿದ್ದಾಗಿನ ಹಾಳೆ. `0` ಆಗಿದ್ದರೆ ಹೆಡ್ಡು ಸರಿಯುತ್ತಾ ಸರಿಯುತ್ತಾ ಕೊನೆಯ ಸಾಲಿನಲ್ಲಿ `q_` ಆಗಿ ನಿಲ್ಲುತ್ತಿತ್ತು, `A` ಎಲ್ಲೂ ಕಾಣುತ್ತಿರಲಿಲ್ಲ.

ಹಾಳೆ ಎಷ್ಟು ಅಗಲ ಬೇಕೆಂಬ ಚಿಂತೆ ಬೇಡ. ಒಂದು ಹೆಜ್ಜೆಗೆ ಹೆಡ್ಡು ಒಂದೇ ಮನೆ ಸರಿಯುವುದರಿಂದ, ಎಷ್ಟು ಹೆಜ್ಜೆಯ ಓಟವೋ ಅದಕ್ಕಿಂತ ಹೆಚ್ಚು ದೂರ ಅದು ಹೋಗಲಾರದು.

ಚರಗಳು

ಈಗ ಹಾಳೆಯನ್ನು ಮರೆತು ಖಾಲಿ ಚೌಕುಳಿಯನ್ನಷ್ಟೇ ಇಟ್ಟುಕೊಳ್ಳಿ: 3 ಸಾಲು, 5 ಕಂಬ, ಒಟ್ಟು 15 ಮನೆ. ಒಂದು ಮನೆಯಲ್ಲಿ ಬರಬಹುದಾದ ಗುರುತುಗಳು 10. ಬರಿಯ ಅಕ್ಷರ ಮೂರು, `q` ಅಂಟಿದ್ದು ಮೂರು, `A` ಅಂಟಿದ್ದು ಮೂರು, ಮತ್ತು ಗೋಡೆ. ಪ್ರತಿ ಮನೆಗೂ ಪ್ರತಿ ಗುರುತಿಗೂ ಒಂದು ಚರ. ಸಾಲುಗಳನ್ನು 0ಯಿಂದ, ಕಂಬಗಳನ್ನು ಎಡಗೋಡೆಯಿಂದ ಶುರುಮಾಡಿ 1ರಿಂದ ಎಣಿಸೋಣ. ಸಾಲು `t`, ಕಂಬ `c`ಯಲ್ಲಿ `s` ಎಂಬ ಗುರುತಿದೆ ಎನ್ನುವ ಮಾತೇ `x(t,c,s)`. ಅದು ನಿಜ ಅಥವಾ ಸುಳ್ಳು. ಹೀಗೆ 150 ಚರ.

ಸೂತ್ರ ಎಂದರೆ ಷರತ್ತುಗಳ ಪಟ್ಟಿ. ಎಲ್ಲ ಷರತ್ತೂ ಏಕಕಾಲಕ್ಕೆ ನಿಜವಾಗಬೇಕು. ಷರತ್ತಿನೊಳಗೆ `∨` ಎಂದರೆ ‘ಅಥವಾ’, `¬` ಎಂದರೆ ‘ಅಲ್ಲ’.

ಒಂದು ಮನೆಗೆ ಒಂದೇ ಗುರುತು

ಪ್ರತಿ ಮನೆಯಲ್ಲೂ ಏನಾದರೂ ಒಂದು ಇರಲೇಬೇಕು, ಅದಕ್ಕೊಂದು ಷರತ್ತು. ಎರಡು ಇರಕೂಡದು, ಅದಕ್ಕೆ 10 ಗುರುತುಗಳ ಪ್ರತಿ ಜೋಡಿಗೂ ಒಂದರಂತೆ 45. ಮನೆಗೆ 46, 15 ಮನೆಗೆ 690.

ಈ 45 ನೋಡಿ ಕೆಲವರಿಗೆ ಬೇಸರವಾಗುತ್ತದೆ, ಬಿಟ್ಟರೇನು ಎನಿಸುತ್ತದೆ. ಬಿಟ್ಟರೆ ಕೆಡುತ್ತದೆ. ಉತ್ತರದ ಮನೆ `0` ಇದೆಯೇ ಎಂದು ನೋಡಿ, ಪಕ್ಕಕ್ಕೆ ಹೋಗಿ ಮರಳಿ ಬಂದು, ಅದೇ ಮನೆ `1` ಇದೆಯೇ ಎಂದು ನೋಡುವ ಯಂತ್ರವನ್ನು ಊಹಿಸಿಕೊಳ್ಳಿ. ಅದು ಯಾವ ಉತ್ತರವನ್ನೂ ಒಪ್ಪಲಾರದು. ಆದರೆ ಒಂದೇ ಮನೆಯಲ್ಲಿ ಎರಡೂ ಗುರುತು ನಿಜವಾಗಲು ಬಿಟ್ಟರೆ, ಸೂತ್ರ ಮೊದಲ ಭೇಟಿಗೆ `0` ತೋರಿಸಿ ಎರಡನೆಯದಕ್ಕೆ `1` ತೋರಿಸುತ್ತದೆ. ಎರಡು ಲೆಕ್ಕದ ಪುಸ್ತಕ ಇಟ್ಟುಕೊಂಡ ವ್ಯಾಪಾರಿಯಂತೆ.

ಮೊದಲು ಮತ್ತು ಕೊನೆ

ಇವು ಸುಲಭ. ಎರಡೂ ಅಂಚಿನಲ್ಲಿ ಎಲ್ಲ ಸಾಲಿಗೂ ಗೋಡೆ ಇರಲಿ ಎನ್ನಲು 6 ಷರತ್ತು. ಮೊದಲ ಸಾಲಿಗೆ ಇನ್ನು ಮೂರು:

```
x(0,2,q0)
x(0,3,0) ∨ x(0,3,1)
x(0,4,_)
```

ನಡುವಿನದನ್ನು ಗಮನಿಸಿ. ಇಡೀ ಸೂತ್ರದಲ್ಲಿ ಸ್ವಾತಂತ್ರ್ಯ ಇರುವುದು ಅಲ್ಲೊಂದೇ ಕಡೆ. ಉತ್ತರವನ್ನು ನಾವು ತುಂಬಿಲ್ಲ, ತುಂಬುವ ಜಾಗವನ್ನು ಬಿಟ್ಟಿದ್ದೇವೆ.

ಕೊನೆಗೆ ಇನ್ನೊಂದೇ ಷರತ್ತು: ಹಾಳೆಯ ಯಾವುದಾದರೂ ಮನೆಯಲ್ಲಿ `A` ಅಂಟಿದ ಗುರುತಿರಬೇಕು. 15 ಮನೆ, ಮೂರು ಗುರುತು. ‘ಅಥವಾ’ದಿಂದ ಕೂಡಿದ 45 ಚರಗಳ ಉದ್ದನೆಯ ಷರತ್ತು.

ಸಾಲಿಂದ ಸಾಲಿಗೆ

ಉಪಾಯದ ತಿರುಳು ಇರುವುದು ಇಲ್ಲಿ. ಎರಡನೆಯ ಸಾಲು ಮೊದಲನೆಯದರಿಂದ ನ್ಯಾಯವಾಗಿ ಬಂದಿದೆ ಎಂದು ಸೂತ್ರಕ್ಕೆ ಹೇಳುವುದು ಹೇಗೆ? ಇಡೀ ಸಾಲನ್ನು ಒಟ್ಟಿಗೆ ಹೋಲಿಸಲು ಹೊರಟರೆ ಸಾಧ್ಯತೆಗಳು ಕೈಮೀರಿ ಬೆಳೆಯುತ್ತವೆ. ಹಾಗೆ ಮಾಡಬೇಕಾಗಿಲ್ಲ. ಒಂದು ಮನೆಯಲ್ಲಿ ಮುಂದಿನ ಕ್ಷಣ ಏನಿರುತ್ತದೆ ಎಂಬುದು ಈಗ ಆ ಮನೆಯಲ್ಲಿ ಮತ್ತು ಅದರ ಎಡಬಲದ ಮನೆಗಳಲ್ಲಿ ಏನಿದೆ ಎಂಬುದರಿಂದಲೇ ತೀರ್ಮಾನವಾಗುತ್ತದೆ. ಹೆಡ್ಡು ಪಕ್ಕದ ಮನೆಯಿಂದ ಬರಬಹುದೇ ಹೊರತು ಅದರಾಚೆಯಿಂದ ಹಾರಿ ಬರಲಾರದು.

ಹಾಗಾಗಿ ಮೇಲಿನ ಮೂರು ಮನೆ ನೋಡಿ, ನಡುವಿನದರ ಕೆಳಗೆ ಏನು ಬರಬೇಕೆಂದು ಬರೆದರಾಯಿತು. ಸಾಲು 0ರಿಂದ ಸಾಲು 1ಕ್ಕೆ:

```
#   q0  1   →  0
q0  1   _   →  q1
1   _   #   →  _
```

ಮೊದಲನೆಯದರಲ್ಲಿ ಹೆಡ್ಡು ಬಲಕ್ಕೆ ಹೊರಟುಹೋಯಿತು, ಹಿಂದೆ `0` ಉಳಿಯಿತು. ಎರಡನೆಯದರಲ್ಲಿ ಎಡದಿಂದ ಬಂದ ಹೆಡ್ಡು `1`ರ ಮೇಲೆ ಕೂತಿತು. ಮೂರನೆಯ ಮನೆಯ ಪಕ್ಕದಲ್ಲಿ ಹೆಡ್ಡಿಲ್ಲ, ಇದ್ದದ್ದು ಇದ್ದಂತೆ. ಸಾಲು 1ರಿಂದ 2ಕ್ಕೆ ಹೋಗುವಾಗ `0 q1 _` ಎಂಬ ಮೂರರ ಕೆಳಗೆ `A1` ಬರುತ್ತದೆ.

‘ಹೀಗಿದ್ದರೆ ಹಾಗೆ’ ಎಂಬ ಮಾತು ಒಂದೇ ಷರತ್ತಾಗುತ್ತದೆ. ಮೇಲಿನ ಎರಡನೆಯ ನಿಯಮ ಹೀಗೆ:

```
¬x(0,2,q0) ∨ ¬x(0,3,1) ∨ ¬x(0,4,_) ∨ x(1,3,q1)
```

ಮೇಲಿನ ಮೂರರಲ್ಲಿ ಒಂದಾದರೂ ಸುಳ್ಳಾಗಿದ್ದರೆ ಷರತ್ತಿಗೆ ತಕರಾರಿಲ್ಲ. ಮೂರೂ ನಿಜವಾದರೆ ಮಾತ್ರ ಕೊನೆಯದು ನಿಜವಾಗಲೇಬೇಕು. 10 ಗುರುತುಗಳಿಂದ 1000 ತ್ರಿವಳಿ ಆಗುತ್ತವೆ. ನಡುವಿನ 3 ಕಂಬ, ಸಾಲಿನ ಜೋಡಿ 2, ಅಂದರೆ ಹೆಚ್ಚೆಂದರೆ 6000 ಷರತ್ತು. ಎರಡು ಹೆಡ್ಡು ಇರುವಂಥ ಅಸಂಬದ್ಧ ತ್ರಿವಳಿಗಳನ್ನು ಬಿಟ್ಟರೂ ನಡೆಯುತ್ತದೆ, ಅವು ಸರಿಯಾದ ಹಾಳೆಯಲ್ಲಿ ಬರುವುದೇ ಇಲ್ಲ. ಎಲ್ಲ ಕೂಡಿದರೆ ಹೆಚ್ಚೆಂದರೆ 6700 ಷರತ್ತು. ಎರಡು ಹೆಜ್ಜೆಯ ಯಂತ್ರಕ್ಕೆ ಇಷ್ಟೊಂದೇ? ಹೌದು, ಇಷ್ಟೊಂದು.

ಇಲ್ಲಿ ಎಡವುವ ಜಾಗ ಒಂದಿದೆ. ಪಠ್ಯಪುಸ್ತಕಗಳಲ್ಲಿ ಸಾಮಾನ್ಯವಾಗಿ ಅನಿರ್ಧಾರಿತ ಯಂತ್ರ ಇರುತ್ತದೆ. ಓಡುತ್ತಿರುವಾಗಲೇ ‘ಎಡಕ್ಕೂ ಹೋಗಬಹುದು, ಬಲಕ್ಕೂ ಹೋಗಬಹುದು’ ಎಂಬ ಆಯ್ಕೆ ಅದಕ್ಕುಂಟು. ಅಂಥದಕ್ಕೆ ನಮ್ಮ ನಾಲ್ಕು ಮನೆಯ ನಿಯಮ ಹಾಕಿದರೆ, ಎಡದ ಮನೆ ‘ಹೆಡ್ಡು ನನ್ನಲ್ಲಿಗೆ ಬಂತು’ ಎನ್ನುತ್ತದೆ, ಬಲದ ಮನೆಯೂ ಹಾಗೇ ಎನ್ನುತ್ತದೆ, ಪ್ರತ್ಯೇಕವಾಗಿ ನೋಡಿದರೆ ಎರಡೂ ಸರಿ. ಒಂದು ಹೆಡ್ಡು ಎರಡಾಯಿತು! ಅದಕ್ಕೇ ಅಲ್ಲಿ ಮೇಲೆ ಮೂರು, ಕೆಳಗೆ ಮೂರು, ಹೀಗೆ ಆರು ಮನೆಯ ಕಿಟಕಿ ಇಟ್ಟು ನೋಡುತ್ತಾರೆ. ಆಗ ಎರಡೂ ಪಕ್ಕ ಒಂದೇ ಕಿಟಕಿಯಲ್ಲಿ ಕಂಡು ಕಳ್ಳತನ ಸಿಕ್ಕಿಬೀಳುತ್ತದೆ. ನಾವು ಊಹೆಯನ್ನೆಲ್ಲ ಟೇಪಿನ ಮೇಲೆ ಮೊದಲೇ ಇಟ್ಟು, ಯಂತ್ರಕ್ಕೆ ಆಯ್ಕೆಯನ್ನೇ ಕೊಡಲಿಲ್ಲವಾದ್ದರಿಂದ ನಾಲ್ಕು ಸಾಕಾಯಿತು.

ಗಾತ್ರ ಎಷ್ಟಾದೀತು?

ಯಂತ್ರ ಬದಲಾಗದಿದ್ದರೆ ಗುರುತುಗಳ ಸಂಖ್ಯೆಯೂ ಬದಲಾಗುವುದಿಲ್ಲ. ಬೆಳೆಯುವುದು ಚೌಕುಳಿ ಮಾತ್ರ. ಪ್ರಶ್ನೆಯ ಉದ್ದ 100, ಪರೀಕ್ಷೆಗೆ ಅದರ ವರ್ಗದಷ್ಟು ಹೆಜ್ಜೆ ಎಂದುಕೊಳ್ಳಿ. 10,000 ಸಾಲು, ಸುಮಾರು ಅಷ್ಟೇ ಕಂಬ, ಹತ್ತು ಕೋಟಿ ಮನೆ. ಪ್ರತಿ ಮನೆಗೂ ನಿಗದಿತ ಸಂಖ್ಯೆಯ ಷರತ್ತು. ದೊಡ್ಡದೇ, ಆದರೆ ಪ್ರಶ್ನೆ ಇಮ್ಮಡಿಯಾದರೆ ಚೌಕುಳಿ 16 ಪಟ್ಟು ಆಗುತ್ತದೆ, ಅಷ್ಟೇ. ಅದೇ 100 ಬಿಟ್‌ನ ಉತ್ತರವನ್ನು ಒಂದೊಂದಾಗಿ ಊಹಿಸಿ ನೋಡುತ್ತೇನೆಂದರೆ 1 ರ ಮುಂದೆ 30 ಸೊನ್ನೆಗೂ ಮಿಕ್ಕಿದ ಪ್ರಯತ್ನಗಳು, ಒಂದೇ ಒಂದು ಬಿಟ್ ಸೇರಿದರೆ ಅದು ಇಮ್ಮಡಿ.

ಸೂತ್ರ ಬರೆಯುವಾಗ ನಾವು ಹುಡುಕಲೇ ಇಲ್ಲ ಎಂಬುದನ್ನು ಓದುಗರು ಹಲವು ಸಲ ಗಮನಿಸುವುದಿಲ್ಲ. ಯಂತ್ರವನ್ನೂ ಓಡಿಸಲಿಲ್ಲ, ಅದರ ನಿಯಮಗಳನ್ನು ಚೌಕುಳಿಯ ಉದ್ದಗಲಕ್ಕೆ ನಕಲು ಮಾಡಿದೆವು. ಹುಡುಕುವ ಕಷ್ಟವೆಲ್ಲ ಸೂತ್ರವನ್ನು ಬಿಡಿಸುವವರ ತಲೆಗೆ ಹೋಯಿತು. ಹಾಗಾಗಿ ಯಾವುದೇ ಸೂತ್ರವನ್ನು ಬೇಗ ಬಿಡಿಸುವ ದಾರಿ ಯಾರಿಗಾದರೂ ಸಿಕ್ಕರೆ ಎನ್‌ಪಿಯ ಎಲ್ಲ ಸಮಸ್ಯೆಯನ್ನೂ ಬೇಗ ಬಿಡಿಸಬಹುದು. ಅಂಥ ದಾರಿ ಇಲ್ಲವೆಂದು ಈ ಫಲಿತಾಂಶ ಹೇಳುವುದಿಲ್ಲ. 1972ರಲ್ಲಿ ರಿಚರ್ಡ್ ಕಾರ್ಪ್ ಸೂತ್ರಗಳಿಂದ ಆರಂಭಿಸಿ 21 ಸಮಸ್ಯೆಗಳಿಗೆ ಎನ್‌ಪಿ-ಕಂಪ್ಲೀಟ್ ಎಂಬ ಪಟ್ಟ ಕಟ್ಟಿದರು. ಅವರು ಯಂತ್ರದ ಚೌಕುಳಿಗೆ ಮತ್ತೆ ಕೈಹಾಕಬೇಕಾಗಲಿಲ್ಲ.

ಸರಿಯಾಗಿ ಬರೆದಿದ್ದೀರಾ?

ಕಂಪ್ಯೂಟರ್ ಇದ್ದರೆ ಚರಗಳಿಗೆ 1ರಿಂದ 150ರವರೆಗೆ ಸಂಖ್ಯೆ ಕೊಟ್ಟು, ಇಂಥ ಸೂತ್ರ ಬಿಡಿಸುವ ತಂತ್ರಾಂಶವಾದ, ಉಚಿತವಾಗಿ ಸಿಗುವ ಯಾವುದಾದರೂ ಸ್ಯಾಟ್ ಸಾಲ್ವರ್‌ಗೆ ಷರತ್ತುಗಳನ್ನು ಕೊಡಿ. ಸೂತ್ರ ನಿಜವಾಗುತ್ತದೆ ಎಂಬ ಉತ್ತರ ಬರಬೇಕು, `x(0,3,1)` ನಿಜವಾಗಿರಬೇಕು. ಬಳಿಕ ಉತ್ತರದ ಮನೆಯ ಷರತ್ತನ್ನು ಬರಿಯ `x(0,3,0)` ಎಂದು ಬದಲಿಸಿ. ಈಗ ಸೂತ್ರ ನಿಜವಾಗಲಾರದು ಎಂದು ಬರಬೇಕು. ಆಗಲೂ ನಿಜವಾದರೆ ಎಲ್ಲೋ ನಿಯಮವೊಂದು ತಪ್ಪಿಹೋಗಿದೆ. ಸಾಲ್ವರ್ ಕೊಟ್ಟ ಬೆಲೆಗಳನ್ನು ಚೌಕುಳಿಯಲ್ಲಿ ತುಂಬಿ ನೋಡಿದರೆ ಹೆಡ್ಡು ಯಾವ ಮನೆಯಲ್ಲಿ ಶೂನ್ಯದಿಂದ ಹುಟ್ಟಿತು ಎಂದು ಕಾಣುತ್ತದೆ.

ಇನ್ನೂ ಬಿಗಿಯಾದ ಪರೀಕ್ಷೆ ಬೇಕಿದ್ದರೆ, ಮೂಲ ಸೂತ್ರಕ್ಕೆ ಮರಳಿ, ಸಿಕ್ಕ ಪರಿಹಾರವನ್ನು ಹೊರಗಿಡುವ ಒಂದು ಷರತ್ತು ಸೇರಿಸಿ ಮತ್ತೆ ಓಡಿಸಿ. ನಮ್ಮ ಯಂತ್ರಕ್ಕೆ ಆಯ್ಕೆಯಿಲ್ಲ, ಒಪ್ಪಿಗೆಯಾಗುವ ಉತ್ತರ ಒಂದೇ, ಅದಕ್ಕೆ ಹಾಳೆಯೂ ಒಂದೇ. ಎರಡನೆಯ ಪರಿಹಾರ ಸಿಕ್ಕರೆ ಆ 6700ರಲ್ಲಿ ಯಾವುದೋ ಷರತ್ತು ಬಿಟ್ಟುಹೋಗಿದೆ.